ದೆಹಲಿಯಲ್ಲಿ ರಾತ್ರಿ ಇಳಿದವರು ಯಾವ ಗಾಡಿ ಹತ್ತಬೇಕು?

ಬೆಳಿಗ್ಗೆ ಏಮ್ಸ್ ಆಸ್ಪತ್ರೆಯ ಒಪಿಡಿ ಸಾಲಿನಲ್ಲಿ ನಿಲ್ಲಬೇಕೆಂದು ಹಿಂದಿನ ರಾತ್ರಿಯ ವಿಮಾನದಲ್ಲಿ ದೆಹಲಿಗೆ ಹೋಗುವ ಕುಟುಂಬಗಳು ನಮ್ಮ ಕಡೆ ಕಡಿಮೆಯೇನಿಲ್ಲ. ಹೊರಡುವ ಮುನ್ನ ಊರಲ್ಲಿ ಎಲ್ಲರೂ ಒಂದೊಂದು ಬುದ್ಧಿಮಾತು ಹೇಳಿ ಕಳಿಸುತ್ತಾರೆ. ಮೆಟ್ರೊ ಹಿಡಿ ಎಂದು ಒಬ್ಬರು, ಆ್ಯಪ್‌ನಲ್ಲೇ ಬುಕ್ ಮಾಡು ಎಂದು ಇನ್ನೊಬ್ಬರು, ಪೊಲೀಸರ ಪ್ರೀಪೇಯ್ಡ್ ಟ್ಯಾಕ್ಸಿ ಬಿಟ್ಟು ಬೇರೇನನ್ನೂ ಹತ್ತಬೇಡ ಎಂದು ಮತ್ತೊಬ್ಬರು. ಮೂರರಲ್ಲೂ ಸ್ವಲ್ಪ ಸತ್ಯವಿದೆ. ಎಲ್ಲಿ ಸತ್ಯ, ಎಲ್ಲಿ ಅಲ್ಲ ಎಂದು ಗೊತ್ತಿಲ್ಲದಿದ್ದರೆ ಮಾತ್ರ ನಡುರಾತ್ರಿಯಲ್ಲಿ ಪೇಚಿಗೆ ಸಿಗಬೇಕಾಗುತ್ತದೆ.

ನಂಬಿಕೆ: ಏರ್‌ಪೋರ್ಟ್‌ನಿಂದ ಮೆಟ್ರೊ ಇದ್ದರೆ ಅದೇ ಸಲೀಸು

ಒಂದು ಲೆಕ್ಕ ಹಾಕಿ ನೋಡೋಣ. ವಯಸ್ಸಾದ ದಂಪತಿ ರಾತ್ರಿ 10.35ಕ್ಕೆ ಟರ್ಮಿನಲ್ 3ರಲ್ಲಿ ಇಳಿಯುತ್ತಾರೆ. ಕೋಣೆ ಕಾದಿರಿಸಿರುವುದು ಏಮ್ಸ್ ಹತ್ತಿರದ ಯೂಸುಫ್ ಸರಾಯ್‌ನಲ್ಲಿ. ಟರ್ಮಿನಲ್ 3 ದೊಡ್ಡದು. ನಡೆದು ಬಂದು, ಬೆಲ್ಟ್ ಮುಂದೆ ನಿಂತು ಪೆಟ್ಟಿಗೆ ಎತ್ತಿಕೊಳ್ಳುವಷ್ಟರಲ್ಲಿ 11.15 ಆದರೆ ಆಶ್ಚರ್ಯವಿಲ್ಲ. ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮಾರ್ಗದ ಕೊನೆಯ ರೈಲು ಹೊರಡುವುದು ಹೆಚ್ಚುಕಡಿಮೆ 11.30ಕ್ಕೆ. ಅದು ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಇಪ್ಪತ್ತು ನಿಮಿಷದಲ್ಲಿ ನ್ಯೂಡೆಲ್ಲಿ ನಿಲ್ದಾಣ ಮುಟ್ಟಿಸುತ್ತದೆ, ನಿಜ. ಆದರೆ ಏಮ್ಸ್ ಇರುವುದು ದಕ್ಷಿಣಕ್ಕೆ. ನ್ಯೂಡೆಲ್ಲಿಯಲ್ಲಿ ಇಳಿದು ಹಳದಿ ಮಾರ್ಗಕ್ಕೆ ಬದಲಾಯಿಸಿ ವಾಪಸ್ ಕೆಳಗೆ ಬರಬೇಕು. ಅಷ್ಟು ಹೊತ್ತಿಗೆ ಆ ಮಾರ್ಗದ ರೈಲುಗಳು ನಿಂತಿರುವ ಸಾಧ್ಯತೆಯೇ ಹೆಚ್ಚು. ಆಗ ದಂಪತಿ ಲಗೇಜು ಹಿಡಿದು ರೈಲ್ವೆ ಸ್ಟೇಷನ್ ಬಳಿ ರಸ್ತೆಯಲ್ಲಿ ನಿಂತಿರುತ್ತಾರೆ. ಮೊದಲು ಬೇಡವೆಂದ ಟ್ಯಾಕ್ಸಿಯನ್ನೇ ಅಲ್ಲಿ ಹುಡುಕಬೇಕು, ಅದೂ ಚೌಕಾಸಿ ಮಾಡಿ. ವಿಮಾನ ನಿಲ್ದಾಣದಿಂದ ನೇರ ರಸ್ತೆಯಲ್ಲಿ ಬಂದಿದ್ದರೆ ಆ ಹೊತ್ತಿಗೆ ಅರ್ಧ ಗಂಟೆಯ ದಾರಿ.

ಅದೇ ದಂಪತಿ ಟರ್ಮಿನಲ್ 1ರಲ್ಲಿ ರಾತ್ರಿ ಒಂಬತ್ತಕ್ಕೆ ಇಳಿದಿದ್ದರೆ ನಾನು ಮೆಟ್ರೊ ಹಿಡಿಯಿರಿ ಎಂದೇ ಹೇಳುತ್ತಿದ್ದೆ. ಟರ್ಮಿನಲ್ 1 ಕೆಲವು ಕಿಲೋಮೀಟರ್ ಆಚೆಗಿದೆ. ಅದರ ನಿಲ್ದಾಣವೂ ಬೇರೆ, ಮಾರ್ಗವೂ ಬೇರೆ. ಅಲ್ಲಿಂದ ಮೆಜೆಂಟಾ ಮಾರ್ಗದಲ್ಲಿ ಹೌಜ್ ಖಾಸ್, ಅಲ್ಲಿ ಹಳದಿ ಮಾರ್ಗಕ್ಕೆ ಬದಲಾದರೆ ಎರಡನೇ ನಿಲ್ದಾಣವೇ ಏಮ್ಸ್. ಆದ್ದರಿಂದ ಟಿಕೆಟ್ ಮೇಲೆ ಟರ್ಮಿನಲ್ ಯಾವುದು ಎಂದು ಊರಲ್ಲೇ ನೋಡಿಕೊಂಡು ಹೊರಡಬೇಕು. ಮೆಟ್ರೊದ ಮೊದಲ ರೈಲಲ್ಲ, ಬದಲಾಯಿಸುವ ರೈಲು ಎಷ್ಟು ಹೊತ್ತಿನವರೆಗೆ ಇದೆ ಎಂಬುದೇ ಮುಖ್ಯ.

ನಂಬಿಕೆ: ಆ್ಯಪ್‌ನಲ್ಲಿ ತೋರಿಸಿದಷ್ಟೇ ಬಾಡಿಗೆ, ಗಾಡಿ ಬಾಗಿಲಿಗೇ ಬರುತ್ತದೆ

ಟರ್ಮಿನಲ್ 3ರಲ್ಲಿ ಆ್ಯಪ್ ಕ್ಯಾಬ್‌ಗಳು ಬಾಗಿಲ ಮುಂದೆ ಬಂದು ನಿಲ್ಲುವುದಿಲ್ಲ. ಎದುರಿನ ಬಹುಮಹಡಿ ಪಾರ್ಕಿಂಗ್ ಕಡೆಯ ಪಿಕಪ್ ಜಾಗಕ್ಕೆ ನೀವೇ ಟ್ರಾಲಿ ತಳ್ಳಿಕೊಂಡು ಹೋಗಬೇಕು. ಬೆಲ್ಟ್ ಹತ್ತಿರ ನಿಂತಾಗಲೇ ಬುಕ್ ಮಾಡಿಬಿಟ್ಟರೆ ಚಾಲಕ ಬಂದು ಕಾಯುತ್ತಾನೆ, ಕಾಯುವ ಶುಲ್ಕ ಏರುತ್ತದೆ, ಇಲ್ಲವೇ ಅವನು ರದ್ದು ಮಾಡಿ ಹೋಗುತ್ತಾನೆ. ಪೆಟ್ಟಿಗೆ ಕೈಗೆ ಬಂದ ಮೇಲೆ ಬುಕ್ ಮಾಡುವುದೇ ವಾಸಿ. ತೋರಿಸಿದ ಮೊತ್ತಕ್ಕೆ ಟೋಲ್, ಪಾರ್ಕಿಂಗ್ ಸೇರಬಹುದು. ದೆಹಲಿ ದಾಟಿ ಗುರುಗ್ರಾಮಕ್ಕೋ ನೊಯ್ಡಾಕ್ಕೋ ಹೋಗುವುದಾದರೆ ಬಾಡಿಗೆಯಲ್ಲಿ ಏನೇನು ಸೇರಿದೆ ಎಂದು ಮೊದಲೇ ನೋಡಿಕೊಳ್ಳಿ.

ಇದೆಲ್ಲ ಹಣದ ಮಾತಾಯಿತು. ಇದಕ್ಕಿಂತ ಗಂಭೀರವಾದದ್ದು ಚಾಲಕನ ಫೋನ್ ಕರೆ. "ಸಾರ್, ರೈಡ್ ಕ್ಯಾನ್ಸಲ್ ಮಾಡಿ, ಅಷ್ಟೇ ದುಡ್ಡಿಗೆ ನಾನೇ ಬಿಡ್ತೀನಿ" ಎಂಬ ಮಾತು ಹಿಂದಿಯಲ್ಲಿ ಬರುತ್ತದೆ. ಅಷ್ಟೇ ದುಡ್ಡಲ್ಲವೇ ಎಂದು ಒಪ್ಪುವವರಿದ್ದಾರೆ. ಆ್ಯಪ್‌ನ ಸುರಕ್ಷತೆ ಎಂಬುದೆಲ್ಲ ನಿಂತಿರುವುದು ಆ ಪ್ರಯಾಣ ದಾಖಲಾಗಿರುವುದರ ಮೇಲೆ: ಯಾವ ಗಾಡಿ, ಯಾರು ಚಾಲಕ, ಯಾವ ದಾರಿಯಲ್ಲಿ ಹೋಗುತ್ತಿದೆ ಎಂಬ ವಿವರ ಮನೆಯವರ ಫೋನಿಗೂ ಹೋಗುತ್ತಿರುತ್ತದೆ. ಕ್ಯಾನ್ಸಲ್ ಒತ್ತಿದ ಕ್ಷಣ ಅದು ಯಾರದೋ ಖಾಸಗಿ ಕಾರು. ಪಿನ್ ಹೇಳುವ ಮುಂಚೆ ನಂಬರ್ ಪ್ಲೇಟ್ ತಾಳೆ ನೋಡಿ. ಪ್ಲೇಟ್ ಬೇರೆಯಿದ್ದರೆ "ಆ ಗಾಡಿ ಸರ್ವಿಸ್‌ಗೆ ಹೋಗಿದೆ" ಎಂಬ ಸಮಜಾಯಿಷಿ ಕೇಳುತ್ತ ನಿಲ್ಲಬೇಡಿ, ಹತ್ತಬೇಡಿ.

ನಂಬಿಕೆ: ಪ್ರೀಪೇಯ್ಡ್ ಎಂದು ಬರೆದದ್ದೆಲ್ಲ ಪೊಲೀಸರದು, ದುಡ್ಡು ಕಟ್ಟಿದರೆ ಚಿಂತೆ ಮುಗಿಯಿತು

ಹೊರಬರುವ ದಾರಿಯಲ್ಲಿ ಖಾಸಗಿ ಟ್ಯಾಕ್ಸಿ ಕಂಪನಿಗಳ ಕೌಂಟರ್‌ಗಳಿವೆ. ಅವರೂ ಮೊದಲೇ ಹಣ ಪಡೆಯುತ್ತಾರೆ, ಅವರೂ ಪ್ರೀಪೇಯ್ಡ್ ಎಂದು ಕರೆಯುತ್ತಾರೆ. ಅದು ಮೋಸವಲ್ಲ, ಆದರೆ ದರ ಅವರದು. ಸರ್ಕಾರಿ ದರದ ಕಪ್ಪು-ಹಳದಿ ಟ್ಯಾಕ್ಸಿ ಬೇಕಿದ್ದರೆ ದೆಹಲಿ ಟ್ರಾಫಿಕ್ ಪೊಲೀಸರ ಬೂತ್ ಎಂದು ಫಲಕ ಓದಿಯೇ ಹೋಗಬೇಕು. ನಿಮ್ಮ ಹತ್ತಿರ ಬಂದು "ಪ್ರೀಪೇಯ್ಡ್, ಪ್ರೀಪೇಯ್ಡ್" ಎಂದು ಕರೆಯುವವರು ಆ ಬೂತಿನವರಲ್ಲ. ಆ ಬೂತಿನಲ್ಲಿ ಕೆಲಸ ಮಾಡುವವರು ಕಿಟಕಿಯ ಹಿಂದೆಯೇ ಇರುತ್ತಾರೆ.

ಇಲ್ಲಿ ಹೋಗುವ ಜಾಗದ ಹೆಸರನ್ನು ಸರಿಯಾಗಿ ಹೇಳುವುದು ಮುಖ್ಯ. ಲಾಡ್ಜಿನ ಹೆಸರಷ್ಟೇ ಹೇಳಿದರೆ ಸಾಲದು, ಬಡಾವಣೆಯ ಹೆಸರು ಬೇಕು. ಚೀಟಿಯಲ್ಲಿ ಜಾಗ, ಗಾಡಿ ನಂಬರ್, ಮೊತ್ತ ಇರುತ್ತವೆ. ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಬಾಡಿಗೆಗೆ ಶೇ 25ರಷ್ಟು ಸೇರುತ್ತದೆ, ಲಗೇಜಿಗೂ ಸ್ವಲ್ಪ. ಅದು ಚೀಟಿಯಲ್ಲೇ ಬಂದಿರುವುದರಿಂದ ದಾರಿಯಲ್ಲಿ ಯಾರಾದರೂ ನೈಟ್ ಚಾರ್ಜ್ ಕೇಳಿದರೆ ಕೊಡಬೇಕಾಗಿಲ್ಲ.

ಈಗ ಆ ಚೀಟಿಯ ವಿಷಯ. ನೀವು ಕಟ್ಟಿದ ಹಣ ಬೂತಿನಲ್ಲಿದೆ. ಚಾಲಕ ಆ ಚೀಟಿಯನ್ನು ವಾಪಸ್ ತಂದು ಕೊಟ್ಟರೆ ಮಾತ್ರ ಅವನ ಹಣ ಅವನಿಗೆ ಸಿಗುತ್ತದೆ. ಅಂದರೆ ನಿಮ್ಮನ್ನು ಮುಟ್ಟಿಸಿದ್ದಕ್ಕೆ ಅದೇ ರುಜುವಾತು. ಹತ್ತಿದ ಕೂಡಲೇ "ಚೀಟಿ ಕೊಡಿ, ಗೇಟಿನಲ್ಲಿ ತೋರಿಸಬೇಕು" ಎಂದು ಕೇಳಿದರೆ ತೋರಿಸಿ, ಮತ್ತೆ ಕೈಗೆ ತೆಗೆದುಕೊಳ್ಳಿ. ಲಾಡ್ಜಿನ ಬಾಗಿಲಲ್ಲಿ ಪೆಟ್ಟಿಗೆಗಳೆಲ್ಲ ಕೆಳಗಿಳಿದ ಮೇಲೆ ಕೊಡಿ. ಅದಕ್ಕೆ ಮುಂಚೆ ಕೊಟ್ಟವರನ್ನು ಎರಡು ಬೀದಿ ಆಚೆ ಇಳಿಸಿ ಹೋದರೂ ಚಾಲಕನಿಗೆ ನಷ್ಟವಿಲ್ಲ. ಚೀಟಿ ನಿಮ್ಮ ಕೈಯಲ್ಲಿರುವವರೆಗೆ ನಿಮ್ಮ ಮಾತು ನಡೆಯುತ್ತದೆ. ಹತ್ತುವ ಮೊದಲು ಅದರ ಫೋಟೊ ತೆಗೆದು ಮನೆಗೆ ಕಳಿಸಿಬಿಡಿ.

ನಂಬಿಕೆ: ಊರಿನ ಚಾಲಕನಿಗೆ ಊರಿನ ಸುದ್ದಿ ಗೊತ್ತಿರುತ್ತದೆ

"ಆ ಲಾಡ್ಜ್ ಮುಚ್ಚಿದೆ", "ಆ ಕಡೆ ರಸ್ತೆ ಬಂದ್ ಆಗಿದೆ". ಹೊಸಬರಿಗೆ ದೆಹಲಿಯಲ್ಲಿ ಬಹಳ ವರ್ಷಗಳಿಂದ ಹೇಳುತ್ತಿರುವ ಮಾತಿದು. ಚಾಲಕ ತನ್ನ ಫೋನಿನಿಂದಲೇ ಲಾಡ್ಜಿಗೆ ಕರೆ ಮಾಡಿಕೊಡುತ್ತಾನೆ, ಆ ಕಡೆಯವರು ನಿಮ್ಮ ಬುಕಿಂಗ್ ರದ್ದಾಗಿದೆ ಎನ್ನುತ್ತಾರೆ. ಆ ಕಡೆ ಮಾತಾಡಿದ್ದು ಲಾಡ್ಜಿನವರಲ್ಲ. ಅಲ್ಲಿಂದ ಮುಂದೆ ಕನಾಟ್ ಪ್ಲೇಸ್ ಸುತ್ತಲಿನ ಯಾವುದೋ ಪ್ರವಾಸಿ ಮಾಹಿತಿ ಕಚೇರಿ ಎಂಬ ಅಂಗಡಿಗೆ ಕರೆದೊಯ್ದು ಮೂರು ಪಟ್ಟು ದರಕ್ಕೆ ಕೋಣೆ ಕೊಡಿಸುತ್ತಾರೆ. ಬೆಂಗಳೂರಿನಲ್ಲೇ ಲಾಡ್ಜಿನ ನಂಬರ್ ಬರೆದಿಟ್ಟುಕೊಂಡು, ವಿಮಾನ ಇಳಿದ ತಕ್ಷಣ ನಿಮ್ಮ ಫೋನಿನಿಂದ ಮಾತಾಡಿಬಿಟ್ಟರೆ ಈ ಆಟ ನಡೆಯುವುದಿಲ್ಲ. ಚಾಲಕ ಹಟ ಹಿಡಿದು ಬೇರೆ ದಾರಿ ತಿರುಗಿಸಿದರೆ 112ಕ್ಕೆ ಕರೆ ಮಾಡಿ ಗಾಡಿ ನಂಬರ್ ಹೇಳಿ, ಅವನಿಗೆ ಕೇಳಿಸುವಂತೆ.

ನಡುರಾತ್ರಿ ಎರಡು-ಮೂರಕ್ಕೆ ಇಳಿಯುವವರಿಗೆ ಇನ್ನೊಂದು ದಾರಿಯೂ ಇದೆ. ಲಾಡ್ಜಿಗೆ ಹೋಗಿ ಎರಡು ಗಂಟೆ ಮಲಗಲು ಇಡೀ ರಾತ್ರಿಯ ಬಾಡಿಗೆ ಕೊಡುವ ಬದಲು ಒಳಗೇ ಕೂತಿರಬಹುದು. 5ರ ಮೇಲೆ ನೈಟ್ ಚಾರ್ಜ್ ಇಲ್ಲ, ಏರ್‌ಪೋರ್ಟ್ ಎಕ್ಸ್‌ಪ್ರೆಸ್ ರೈಲುಗಳೂ ಐದರ ಹೊತ್ತಿಗೆ ಶುರುವಾಗಿರುತ್ತವೆ. ಆದರೆ ಈ ತೀರ್ಮಾನವನ್ನು ಬೆಲ್ಟ್ ಹತ್ತಿರವೇ ಮಾಡಬೇಕು. ಹೊರಬಾಗಿಲು ದಾಟಿದವರನ್ನು ಕಾವಲಿನವರು ಮತ್ತೆ ಒಳಗೆ ಬಿಡುವುದಿಲ್ಲ.