ಐತಿಹಾಸಿಕ ಚಂಚಲತೆಯ ಪರ್ಸೆಂಟೈಲ್

ಐತಿಹಾಸಿಕ ಚಂಚಲತೆಯ ಪರ್ಸೆಂಟೈಲ್ ಎಂಬುದು ಷೇರು ಅಥವಾ ಸೂಚ್ಯಂಕವೊಂದರ ಇಂದಿನ ಚಂಚಲತೆಯನ್ನು ಅದರದೇ ಕಳೆದ ಒಂದು ವರ್ಷದ ಚಂಚಲತೆಯೊಂದಿಗೆ ಹೋಲಿಸುವ ಅಳತೆ. ಬೆಲೆ ಸೀಮಿತ ವ್ಯಾಪ್ತಿಯೊಳಗೆ ಓಲಾಡುವಾಗ ಅನುಸರಿಸುವ ತಂತ್ರವನ್ನು ಬಿಟ್ಟು ಪ್ರವೃತ್ತಿಯನ್ನು ಅನುಸರಿಸುವ ತಂತ್ರಕ್ಕೆ ಯಾವಾಗ ಬದಲಾಗಬೇಕೆಂದು ನಿರ್ಧರಿಸಲು ವಹಿವಾಟುದಾರರು ಇದನ್ನು ಬಳಸುತ್ತಾರೆ.

ಲೆಕ್ಕಾಚಾರ

ಮೊದಲು ಕಳೆದ 20 ವಹಿವಾಟು ದಿನಗಳ ದೈನಂದಿನ ಶೇಕಡಾವಾರು ಬದಲಾವಣೆಗಳ ಪ್ರಮಾಣಿತ ವಿಚಲನೆಯನ್ನು ಕಂಡುಹಿಡಿಯಲಾಗುತ್ತದೆ. ವರ್ಷದಲ್ಲಿ ಸುಮಾರು 252 ವಹಿವಾಟು ದಿನಗಳಿರುವುದರಿಂದ ಅದನ್ನು 252ರ ವರ್ಗಮೂಲದಿಂದ, ಅಂದರೆ ಸುಮಾರು 15.9ರಿಂದ ಗುಣಿಸಿದರೆ ವಾರ್ಷಿಕ ಚಂಚಲತೆ ದೊರೆಯುತ್ತದೆ. ಹೀಗೆ ಪ್ರತಿದಿನ ದೊರೆತ ಒಂದು ವರ್ಷದ ಮೌಲ್ಯಗಳಲ್ಲಿ ಇಂದಿನದಕ್ಕಿಂತ ಕಡಿಮೆ ಇರುವವು ನೂರಕ್ಕೆ ಎಷ್ಟು ಎಂಬುದೇ ಪರ್ಸೆಂಟೈಲ್.

ತಂತ್ರದ ಬದಲಾವಣೆ: ಒಂದು ಉದಾಹರಣೆ

ಕಾಲ್ಪನಿಕ ಷೇರೊಂದು ಹಲವು ವಾರಗಳಿಂದ ₹480 ಮತ್ತು ₹500ರ ನಡುವೆ ಇದೆ ಎಂದು ಭಾವಿಸಿ. ಅದರ ದೈನಂದಿನ ವಿಚಲನೆ ಶೇ. 0.8, ವಾರ್ಷಿಕ ಚಂಚಲತೆ ಶೇ. 12.7. ವರ್ಷದ 250 ಮೌಲ್ಯಗಳಲ್ಲಿ 25 ಮಾತ್ರ ಇದಕ್ಕಿಂತ ಕಡಿಮೆ ಇದ್ದರೆ ಪರ್ಸೆಂಟೈಲ್ 10 ಆಗುತ್ತದೆ. ಈ ಹಂತದಲ್ಲಿ ವಹಿವಾಟುದಾರನು ₹480ರ ಬೆಂಬಲ ಮಟ್ಟದ ಬಳಿ ಕೊಂಡು, ₹500ರ ಪ್ರತಿರೋಧ ಮಟ್ಟದ ಬಳಿ ಮಾರುತ್ತಾನೆ.

ಒಂದು ದಿನ ಬೆಲೆ ₹507ರಲ್ಲಿ ಮುಕ್ತಾಯಗೊಂಡು, ಮುಂದೆಯೂ ಹಲವು ದಿನ ಶೇ. 2ರಷ್ಟು ಚಲಿಸುತ್ತದೆ. ದೈನಂದಿನ ವಿಚಲನೆ ಶೇ. 1.2ಕ್ಕೂ, ಚಂಚಲತೆ ಶೇ. 19ಕ್ಕೂ ಏರುತ್ತದೆ. ಈಗ 150 ಮೌಲ್ಯಗಳು ಇದಕ್ಕಿಂತ ಕಡಿಮೆ ಇದ್ದರೆ ಪರ್ಸೆಂಟೈಲ್ 60. ವ್ಯಾಪ್ತಿಯ ಹೊರಗಿನ ಮುಕ್ತಾಯ ಹಾಗೂ ಪರ್ಸೆಂಟೈಲ್‌ನ ಏರಿಕೆ ಎರಡೂ ಒಟ್ಟಿಗೆ ಕಂಡುಬಂದಿರುವುದರಿಂದ ₹500ರ ಬಳಿ ಮಾರುವ ಕ್ರಮವನ್ನು ಕೈಬಿಟ್ಟು, ಏರಿಕೆಯ ದಿಕ್ಕಿನಲ್ಲೇ ಕೊಳ್ಳಲಾಗುತ್ತದೆ. ಬೆಲೆ ಏರಿದಂತೆ ಸ್ಟಾಪ್‌ಲಾಸ್ ಅನ್ನೂ ಮೇಲಕ್ಕೆ ಸರಿಸಲಾಗುತ್ತದೆ. ದಿನದ ಚಲನೆ ಒಂದೂವರೆ ಪಟ್ಟಾಗಿರುವುದರಿಂದ ಸ್ಟಾಪ್‌ಲಾಸ್ ದೂರವಿರಬೇಕು; ನಷ್ಟದ ಮಿತಿ ಮೊದಲಿನಷ್ಟೇ ಉಳಿಯಲು 300 ಷೇರುಗಳ ಬದಲು 200 ಮಾತ್ರ ಕೊಳ್ಳಬೇಕಾಗುತ್ತದೆ.

ಮಿತಿಗಳು

ಈ ಅಳತೆ ದಿಕ್ಕನ್ನು ತಿಳಿಸುವುದಿಲ್ಲ. ಬೆಲೆ ದಿನವೂ ಸ್ವಲ್ಪಸ್ವಲ್ಪವೇ ಏರುತ್ತಿದ್ದರೆ ವಿಚಲನೆ ಕಡಿಮೆಯೇ ಇರುತ್ತದೆ. 2017ರಲ್ಲಿ ನಿಫ್ಟಿ 50 ಸೂಚ್ಯಂಕವು ಹೆಚ್ಚು ಏರುಪೇರಿಲ್ಲದೆ ಶೇ. 28ಕ್ಕಿಂತ ಹೆಚ್ಚು ಏರಿತು. ಕಡಿಮೆ ಚಂಚಲತೆಯನ್ನೇ ಸೀಮಿತ ವ್ಯಾಪ್ತಿಯೆಂದು ತಿಳಿದು ಪ್ರತಿ ಏರಿಕೆಯಲ್ಲೂ ಮಾರುವವರಿಗೆ ಇಂತಹ ವರ್ಷದಲ್ಲಿ ನಷ್ಟವಾಗುತ್ತದೆ. ಆದ್ದರಿಂದ ಬೆಂಬಲ ಮತ್ತು ಪ್ರತಿರೋಧ ಮಟ್ಟಗಳು ನಿಜವಾಗಿಯೂ ಇವೆಯೇ ಎಂದು ಪಟದಲ್ಲಿ ನೋಡುವುದು ಅಗತ್ಯ.

ಎರಡನೆಯದಾಗಿ, ಒಂದೇ ದಿನದ ದೊಡ್ಡ ಕುಸಿತವು 20 ದಿನಗಳವರೆಗೆ ಲೆಕ್ಕದಲ್ಲಿ ಉಳಿದು, ಮರುದಿನ ಹೊರಬೀಳುತ್ತದೆ. ಆಗ ಮಾರುಕಟ್ಟೆಯಲ್ಲಿ ಏನೂ ಬದಲಾಗದಿದ್ದರೂ ಪರ್ಸೆಂಟೈಲ್ ಹಠಾತ್ತನೆ ಇಳಿಯುತ್ತದೆ. ಇಂತಹ ಇಳಿಕೆಯನ್ನು ಶಾಂತ ಹಂತದ ಆರಂಭವೆಂದು ಪರಿಗಣಿಸುವ ಮುನ್ನ, ಲೆಕ್ಕದಿಂದ ಹೊರಬಿದ್ದ ದಿನ ಯಾವುದೆಂದು ಪರಿಶೀಲಿಸಬೇಕು.