ಮನೆ ಕಟ್ಟಾಯ್ತು, ಸಾಲ ತೀರಿತು, ಮುಂದೆ?

ಶಿವಮೊಗ್ಗದಂಥ ಊರಿನಲ್ಲಿ, ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ ಮಾಡುವ 47ರ ಹೆಂಗಸೊಬ್ಬರನ್ನು ಕಲ್ಪಿಸಿಕೊಳ್ಳಿ. ಮನೆಸಾಲದ ಕೊನೆಯ ಕಂತು ಹೋದ ವರ್ಷ ಕಟ್ಟಿಯಾಗಿದೆ. ಮಗಳು ಇಂಜಿನಿಯರಿಂಗ್ ಓದಲು ಬೆಂಗಳೂರಿನ ಹಾಸ್ಟೆಲ್ ಸೇರಿದ್ದಾಳೆ. ಗಂಡನ ಜತೆ ಜಗಳವಿಲ್ಲ, ಆರೋಗ್ಯಕ್ಕೆ ದೊಡ್ಡ ತೊಂದರೆಯಿಲ್ಲ. ಆದರೂ ಸಂಜೆ ಮನೆಗೆ ಬಂದರೆ ಸೋಫಾದಲ್ಲಿ ಕೂತು ಮೊಬೈಲಿನಲ್ಲಿ ರೀಲ್ಸ್ ಉಜ್ಜುತ್ತಾ ಹತ್ತು ಗಂಟೆಯಾಗುತ್ತದೆ. ಯಾರಾದರೂ ಕೇಳಿದರೆ ದುಃಖವೇನೂ ಇಲ್ಲ ಎನ್ನುತ್ತಾರೆ, ‘ಯಾಕೋ ಯಾವುದೂ ಬೇಕು ಅನ್ನಿಸೋದಿಲ್ಲ, ಅಷ್ಟೇ.’

ಇಂಥವರಿಗೆ ನಾವು ಸಾಮಾನ್ಯವಾಗಿ ಕೊಡುವ ಸಲಹೆ ಒಂದೇ: ಹೊಸ ಗುರಿ ಇಟ್ಟುಕೊಳ್ಳಿ. ನನಗೆ ಇದು ಉಲ್ಟಾ ಸಲಹೆ ಎನ್ನಿಸುತ್ತದೆ. ಈಕೆಗೆ ಗುರಿಗಳ ಕೊರತೆ ಯಾವತ್ತೂ ಇರಲಿಲ್ಲ. ಮನೆ ಕಟ್ಟುವುದು, ಸಾಲ ತೀರಿಸುವುದು, ಮಗಳಿಗೆ ಸೀಟು ಕೊಡಿಸುವುದು ಎಲ್ಲವೂ ಗುರಿಗಳೇ, ಎಲ್ಲವೂ ಈಡೇರಿವೆ. ತೊಂದರೆ ಬಂದದ್ದು ಈಡೇರಿದ್ದರಿಂದ. ಗುರಿ ಮುಟ್ಟಿದೊಡನೆ ಅದರ ಕೆಲಸ ಮುಗಿಯಿತು, ಬೆಳಗ್ಗೆ ಎಬ್ಬಿಸುತ್ತಿದ್ದ ಕಾರಣವೂ ಅದರೊಂದಿಗೇ ಹೋಯಿತು. ಮೌಲ್ಯ ಹಾಗಲ್ಲ. ಮಗಳಿಗೆ ಸೀಟು ಕೊಡಿಸುವುದು ಒಂದು ದಿನ ಮುಗಿಯುತ್ತದೆ. ಮಗಳ ಮಾತನ್ನು ತಾಳ್ಮೆಯಿಂದ ಕೇಳುವ ತಾಯಿಯಾಗಿರುವುದು ಯಾವ ದಿನವೂ ‘ಆಯಿತು’ ಎಂದು ಗುರುತು ಹಾಕುವ ಕೆಲಸವಲ್ಲ. ಅದನ್ನು ಇವತ್ತು ಮಾಡಬಹುದು, ನಾಳೆಯೂ ಮಾಡಬಹುದು.

ಈ ವ್ಯತ್ಯಾಸವನ್ನು ಚಿಕಿತ್ಸೆಯ ಕೇಂದ್ರಕ್ಕೆ ತಂದವರಲ್ಲಿ ಮುಖ್ಯರು ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ ಹೇಯ್ಸ್ ಮತ್ತು ಅವರ ಸಹೋದ್ಯೋಗಿಗಳು. 1980ರ ದಶಕದಿಂದ ಅವರು ರೂಪಿಸಿದ, 1999ರಲ್ಲಿ ಪುಸ್ತಕವಾಗಿ ಬಂದ ಪದ್ಧತಿಗೆ ಆಕ್ಸೆಪ್ಟೆನ್ಸ್ ಅಂಡ್ ಕಮಿಟ್‌ಮೆಂಟ್ ಥೆರಪಿ ಎಂದು ಹೆಸರು. ಆ ಪುಸ್ತಕದ ಸಹಲೇಖಕರಲ್ಲೊಬ್ಬರಾದ ಕೆಲ್ಲಿ ವಿಲ್ಸನ್ ಮತ್ತು ಅವರ ಸಂಗಡಿಗರು ರೂಪಿಸಿದ ಒಂದು ಪ್ರಶ್ನಾವಳಿ ಒಂದೇ ಹಾಳೆಯಲ್ಲಿ ಬರೆದುಕೊಳ್ಳುವಷ್ಟು ಸರಳ. ಬದುಕಿನ ಹತ್ತು ಕ್ಷೇತ್ರಗಳನ್ನು ಅದು ಪಟ್ಟಿ ಮಾಡುತ್ತದೆ: ತವರು ಮತ್ತು ಬಂಧುಬಳಗ, ದಾಂಪತ್ಯ, ಮಕ್ಕಳು, ಗೆಳೆತನ, ಉದ್ಯೋಗ, ಕಲಿಕೆ, ಮನರಂಜನೆ, ಅಧ್ಯಾತ್ಮ, ಊರು-ಸಮಾಜದ ಕೆಲಸ, ದೇಹದ ಆರೈಕೆ. ಪ್ರತಿಯೊಂದಕ್ಕೂ 1ರಿಂದ 10ರವರೆಗೆ ಎರಡು ಅಂಕ ಕೊಡಬೇಕು. ಮೊದಲನೆಯದು, ಇದು ನನಗೆ ಎಷ್ಟು ಮುಖ್ಯ. ಎರಡನೆಯದು, ಕಳೆದ ಒಂದು ವಾರದಲ್ಲಿ ನಾನು ನಡೆದುಕೊಂಡದ್ದು ಇದಕ್ಕೆ ಎಷ್ಟು ತಕ್ಕುದಾಗಿತ್ತು. ಮನಸ್ಸಿನಲ್ಲಿ ಇದ್ದದ್ದಕ್ಕೆ ಅಂಕವಿಲ್ಲ, ವಾರದಲ್ಲಿ ಮಾಡಿದ್ದಕ್ಕೆ ಮಾತ್ರ.

ನಮ್ಮ ಬ್ಯಾಂಕಿನವರ ಹಾಳೆ ಹೀಗಿರಬಹುದು. ಮಕ್ಕಳು ಎಂಬಲ್ಲಿ ಮುಖ್ಯತೆ 10, ನಡೆ 9; ದಿನಕ್ಕೆ ಎರಡು ಸಲ ಮಗಳಿಗೆ ಫೋನ್ ಹೋಗುತ್ತದೆ. ಉದ್ಯೋಗಕ್ಕೆ 6, ನಡೆ 9. ದೇಹದ ಆರೈಕೆಗೆ 8, ನಡೆ 3. ಗೆಳೆತನಕ್ಕೆ 8, ನಡೆ 2. ಕಲಿಕೆಗೆ 7, ನಡೆ 1. ಅಧ್ಯಾತ್ಮಕ್ಕೆ 9, ನಡೆ 8, ಏಕೆಂದರೆ ದಿನವೂ ದೇವರ ಪೂಜೆ ತಪ್ಪಿಲ್ಲ.

ಇಲ್ಲಿ ಮೊದಲ ಸಾಲಿಗೇ ತಡೆಯುವುದು ಒಳ್ಳೆಯದು. ಈ ಹಾಳೆ ತುಂಬುವವರು ಬಹಳಷ್ಟು ಸಲ ತಮಗೆ ಮುಖ್ಯವಾದದ್ದನ್ನು ಬರೆಯುವುದಿಲ್ಲ, ಮುಖ್ಯವಾಗಿರಬೇಕಾದದ್ದನ್ನು ಬರೆಯುತ್ತಾರೆ. ಹತ್ತಕ್ಕೆ ಹತ್ತೂ ಕಡೆ 10 ಹಾಕುವವರೂ ಇದ್ದಾರೆ. ಪರೀಕ್ಷೆ ಬರೆದು ಬೆಳೆದ ನಮಗೆ ಕಡಿಮೆ ಅಂಕ ಎಂದರೆ ತಪ್ಪು ಉತ್ತರ. ಇದನ್ನು ಬಯಲಿಗೆಳೆಯಲು ಚಿಕಿತ್ಸಕರು ಕೇಳುವ ಪ್ರಶ್ನೆಯೊಂದಿದೆ: ನೀವು ಇದನ್ನು ಮಾಡಿದಿರಿ ಎಂದು ಯಾರಿಗೂ ಎಂದೆಂದಿಗೂ ಗೊತ್ತಾಗುವುದಿಲ್ಲ ಎಂದಾದರೆ, ಆಗಲೂ ಮಾಡುತ್ತೀರಾ? ಈ ಪ್ರಶ್ನೆಯನ್ನು ಪೂಜೆಯ ಸಾಲಿಗೆ ಹಾಕಿದಾಗ ಆಕೆ ಸ್ವಲ್ಪ ಹೊತ್ತು ಯೋಚಿಸಿ 9ನ್ನು 5 ಮಾಡುತ್ತಾರೆ. ಅತ್ತೆಯವರು ನಡೆಸಿಕೊಂಡು ಬಂದದ್ದು, ನಿಲ್ಲಿಸಿದರೆ ಮನೆಯಲ್ಲಿ ಮಾತು ಬರುತ್ತದೆ ಎಂಬುದೇ ದೊಡ್ಡ ಕಾರಣವಾಗಿತ್ತು. 5 ಎಂದರೆ ಪೂಜೆ ಬಿಡಬೇಕು ಎಂದೇನಲ್ಲ. ಅದರಿಂದ ಹುರುಪು ಬರುತ್ತದೆ ಎಂದು ಕಾಯುವುದು ಬೇಡ, ಅಷ್ಟೇ. ಕಲಿಕೆಯ ಸಾಲಿಗೆ ಅದೇ ಪ್ರಶ್ನೆ ಹಾಕಿದರೆ ಅಂಕ ಕದಲುವುದಿಲ್ಲ. ಹೈಸ್ಕೂಲಿನಲ್ಲಿ ಬಿಟ್ಟ ಸಂಗೀತವನ್ನು ಯಾರೂ ಕೇಳದಿದ್ದರೂ ಹಾಡಿಕೊಳ್ಳಬೇಕು ಎಂಬ ಆಸೆ ಹಾಗೇ ಇದೆ.

ಮುಖ್ಯತೆ ಹೆಚ್ಚಿದ್ದು ನಡೆ ಕಡಿಮೆ ಇರುವ ಕಡೆ ಕಣ್ಣಿಡಬೇಕು. ಆಕೆಯ ಹಾಳೆಯಲ್ಲಿ ಗೆಳೆತನ, ಕಲಿಕೆ, ದೇಹದ ಆರೈಕೆ ಮೂರಕ್ಕೂ ಐದೋ ಆರೋ ಅಂಕದ ಕಂದರವಿದೆ. ಉದ್ಯೋಗದಲ್ಲಿ ಇದು ತಿರುಗುಮುರುಗು: 6ರಷ್ಟು ಮಾತ್ರ ಮುಖ್ಯವಾದದ್ದಕ್ಕೆ 9ರಷ್ಟು ಬದುಕು ಹೋಗುತ್ತಿದೆ. ಮೂರನ್ನೂ ಒಟ್ಟಿಗೆ ಸರಿಪಡಿಸಲು ಹೊರಟವರು ಎರಡನೇ ವಾರಕ್ಕೆ ಸುಸ್ತಾಗುತ್ತಾರೆ. ಒಂದನ್ನು ಆರಿಸಬೇಕು. ಆಕೆ ಗೆಳೆತನವನ್ನು ಆರಿಸುತ್ತಾರೆ ಎಂದುಕೊಳ್ಳೋಣ.

ಆದರೆ ಗೆಳೆತನ ಎಂಬುದು ಕ್ಷೇತ್ರದ ಹೆಸರು, ಇನ್ನೂ ಮೌಲ್ಯವಲ್ಲ. ಅಲ್ಲಿ ನಾನು ಯಾವ ಬಗೆಯವಳಾಗಿರಬೇಕು ಎಂದು ಕೇಳಿಕೊಂಡಾಗಲೇ ಮೌಲ್ಯ ಸಿಗುವುದು. ಮೊದಲ ಉತ್ತರಗಳು ಸಾಮಾನ್ಯವಾಗಿ ಕೆಲಸಕ್ಕೆ ಬರುವುದಿಲ್ಲ. ‘ಗೆಳತಿಯರು ನನ್ನನ್ನು ಮರೆಯಬಾರದು’ ಎಂದರೆ ಅದು ಬೇರೆಯವರ ಕೈಯಲ್ಲಿರುವ ವಿಷಯ. ‘ಎಲ್ಲರ ಜತೆ ಇದ್ದಾಗ ಖುಷಿಯಾಗಿರಬೇಕು’ ಎಂದರೆ ಅದು ಭಾವನೆ, ಕರೆದಾಗ ಬರುವುದಿಲ್ಲ. ‘ಸುಮ್ಮನೆ ಮನೆಯಲ್ಲಿ ಬಿದ್ದಿರಬಾರದು, ಮೊಬೈಲ್ ಮುಟ್ಟಬಾರದು’ ಎಂಬುದಕ್ಕೆ ವರ್ತನಾ ವಿಜ್ಞಾನಿ ಓಗ್ಡನ್ ಲಿಂಡ್ಸ್‌ಲಿ 1960ರ ದಶಕದಲ್ಲೇ ಒಂದು ತಮಾಷೆಯ ಪರೀಕ್ಷೆ ಕೊಟ್ಟಿದ್ದಾರೆ: ಸತ್ತವನೂ ಮಾಡಬಲ್ಲದ್ದಾದರೆ ಅದು ವರ್ತನೆಯಲ್ಲ. ಮೊಬೈಲ್ ಮುಟ್ಟದಿರುವುದರಲ್ಲಿ ಸತ್ತವರನ್ನು ಮೀರಿಸಲು ಯಾರಿಂದಲೂ ಆಗದು. ಕೊನೆಗೆ ಆಕೆ ಬರೆಯುವುದು ಇದು: ‘ಕಷ್ಟದಲ್ಲಿರುವವರನ್ನು ಅವರು ಕರೆಯುವ ಮುಂಚೆಯೇ ಹೋಗಿ ವಿಚಾರಿಸುವವಳು.’ ಇದು ಅವರ ಕೈಯಲ್ಲಿದೆ, ಮಾಡಿ ತೋರಿಸಬಹುದಾದದ್ದು, ಎಂದೂ ಮುಗಿಯದ್ದು.

ಇನ್ನು ಹೆಜ್ಜೆ. ಕಾಲೇಜಿನ ಗೆಳತಿಯೊಬ್ಬರ ತಾಯಿ ಹಾಸಿಗೆ ಹಿಡಿದಿದ್ದಾರೆಂದು ಮೂರು ತಿಂಗಳ ಹಿಂದೆಯೇ ಗೊತ್ತಾಗಿತ್ತು. ಫೋನ್ ಮಾಡಿರಲಿಲ್ಲ. ದಿನ ಕಳೆದಷ್ಟೂ ಮಾಡುವುದಕ್ಕೆ ಸಂಕೋಚ. ಹಾಳೆಯಲ್ಲಿ ‘ಗೆಳತಿಯರ ಜತೆ ಸಂಪರ್ಕ ಹೆಚ್ಚಿಸಬೇಕು’ ಎಂದು ಬರೆದರೆ ಅದು ಆಗುವುದಿಲ್ಲ. ‘ಗುರುವಾರ ಸಂಜೆ ಏಳಕ್ಕೆ, ಸೋಫಾದಲ್ಲಿ ಕೂರುವ ಮುಂಚೆ, ಹತ್ತು ನಿಮಿಷ ಫೋನ್’ ಎಂದರೆ ಆಗುತ್ತದೆ. ಮನಸ್ಸು ಬಂದ ಮೇಲೆ ಮಾಡುತ್ತೇನೆ ಎಂದು ಕಾಯುವಂತಿಲ್ಲ. ಮನಸ್ಸು ಬರದಿರುವುದೇ ಕಾಯಿಲೆಯಾಗಿರುವಾಗ ಅದನ್ನೇ ಮೊದಲ ಷರತ್ತು ಮಾಡಿದರೆ ಕೆಲಸ ಶುರುವಾಗುವುದಿಲ್ಲ.

ಕೆಲಸ ಮೊದಲು, ಮನಸ್ಸು ಆಮೇಲೆ ಎನ್ನುವ ಈ ಕ್ರಮಕ್ಕೆ ಆಧಾರವಿದೆ. 1970ರ ದಶಕದಲ್ಲಿ ಪೀಟರ್ ಲೆವಿನ್‌ಸೋನ್ ತೋರಿಸಿದ ಸುಳಿ ಹೀಗೆ: ಬದುಕಿನಲ್ಲಿ ಹಿತ ಕೊಡುವ ಒಡನಾಟ ಕಡಿಮೆಯಾದಾಗ ಮನುಷ್ಯ ಹಿಂದೆ ಸರಿಯುತ್ತಾನೆ, ಹಿಂದೆ ಸರಿದಷ್ಟೂ ಹಿತ ಇನ್ನೂ ಕಡಿಮೆಯಾಗುತ್ತದೆ. ಸೋಫಾ ಮತ್ತು ರೀಲ್ಸ್ ಆ ಕ್ಷಣದ ಸಂಕೋಚದಿಂದ ಪಾರು ಮಾಡುತ್ತವೆ, ಅದಕ್ಕೇ ಮಾರನೆಯ ದಿನವೂ ಕರೆಯುತ್ತವೆ. ಸುಳಿಯನ್ನು ಚಟುವಟಿಕೆಯ ಕಡೆಯಿಂದ ಮುರಿಯುವ ಚಿಕಿತ್ಸೆಗೆ ಬಿಹೇವಿಯರಲ್ ಆಕ್ಟಿವೇಶನ್ ಎನ್ನುತ್ತಾರೆ. ಇದು ನಮ್ಮ ನೆರೆಯ ಗೋವಾದಲ್ಲೇ ದೊಡ್ಡ ಪರೀಕ್ಷೆಗೆ ಒಳಗಾಗಿದೆ. ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುತ್ತಿದ್ದ, ತೀವ್ರತೆ ಹೆಚ್ಚಿದ್ದ 495 ಖಿನ್ನತೆಯ ರೋಗಿಗಳ ಮೇಲೆ ನಡೆಸಿದ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮನೋವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಜನರೇ ಆರರಿಂದ ಎಂಟು ಸಲ ಕೂತು ಮಾತಾಡಿ ಚಟುವಟಿಕೆಗಳನ್ನು ಯೋಜಿಸಿಕೊಟ್ಟರು. ಮೂರು ತಿಂಗಳ ಹೊತ್ತಿಗೆ ಅವರಲ್ಲಿ ಶೇ. 64ರಷ್ಟು ಜನ ಚೇತರಿಸಿಕೊಂಡಿದ್ದರು. ಈ ನೆರವಿಲ್ಲದ ಗುಂಪಿನಲ್ಲಿ ಶೇ. 39. ಅಲ್ಲಿದ್ದದ್ದು ಖಿನ್ನತೆಯ ಚಿಕಿತ್ಸೆ, ಹತ್ತು ಕ್ಷೇತ್ರಗಳ ಹಾಳೆಯಲ್ಲ ಎಂಬುದನ್ನೂ ಹೇಳಬೇಕು. ಎರಡನ್ನೂ ಒಂದೇ ಕಡೆ ಜೋಡಿಸಿದವರು ಕಾರ್ಲ್ ಲೆಹುಯೆಜ್ ಮತ್ತು ಅವರ ತಂಡದವರು. ಅವರ ಪದ್ಧತಿಯಲ್ಲಿ ಚಟುವಟಿಕೆ ಆರಿಸುವ ಮುಂಚೆ ಮೌಲ್ಯ ಬರೆದುಕೊಳ್ಳಬೇಕು, ದಿನಚರಿಯಲ್ಲಿ ಪ್ರತಿ ಚಟುವಟಿಕೆಗೂ ‘ಎಷ್ಟು ಹಿತವೆನಿಸಿತು’, ‘ಎಷ್ಟು ಮುಖ್ಯವೆನಿಸಿತು’ ಎಂದು 0ರಿಂದ 10ರೊಳಗೆ ಬೇರೆಬೇರೆ ಅಂಕ ಕೊಡಬೇಕು.

ಈ ಎರಡು ಅಂಕಗಳನ್ನು ಬೇರೆ ಇಟ್ಟದ್ದರಲ್ಲೇ ಜಾಣತನವಿದೆ. ಗುರುವಾರದ ಫೋನ್ ಹೇಗಾಗಬಹುದು ನೋಡಿ.

‘ಏನೇ, ಬದುಕಿದ್ದೀಯಾ?’ ಎನ್ನುತ್ತಾರೆ ಗೆಳತಿ.

‘ಇದ್ದೀನಿ ಕಣೇ. ಅಮ್ಮ ಹೇಗಿದ್ದಾರೆ?’

‘ಈಗ ಕೇಳ್ತಾ ಇದ್ದೀಯಲ್ಲ...’

ಹತ್ತು ನಿಮಿಷ ಮುಳ್ಳಿನ ಮೇಲೆ ಕೂತಂತೆ. ದಿನಚರಿಯಲ್ಲಿ ಹಿತ 2. ಇದೊಂದೇ ಅಂಕವಿದ್ದಿದ್ದರೆ ಪ್ರಯೋಗ ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಮುಖ್ಯತೆಯ ಮನೆಯಲ್ಲಿ ಆಕೆ 8 ಬರೆಯುತ್ತಾರೆ. ಅದೇ ರಾತ್ರಿಯ ಎರಡು ಗಂಟೆ ರೀಲ್ಸ್‌ಗೆ ಹಿತ 4, ಮುಖ್ಯತೆ 0. ಬಹಳ ದಿನ ಬರಡಾಗಿದ್ದ ಮನಸ್ಸಿನಲ್ಲಿ ಹಿತ ತಡವಾಗಿ ಏರುತ್ತದೆ. ಮೊದಲ ಎರಡು ವಾರ ಮುಖ್ಯತೆಯ ಅಂಕವನ್ನು ನಂಬಿ ಮುಂದುವರಿಯಬೇಕು. ಹಲವು ವಾರ ಕಳೆದರೂ ಮುಖ್ಯತೆಯೇ 2, 3ರಲ್ಲಿ ನಿಂತಿದ್ದರೆ ಆರಿಸಿದ ಮೌಲ್ಯ ಎರವಲಿನದು ಎಂದು ಅನುಮಾನಿಸಬಹುದು. ಹೆಜ್ಜೆಯೇ ಮೂರು ಸಲ ತಪ್ಪಿದರೆ ಬೈದುಕೊಳ್ಳುವ ಬದಲು ಅದನ್ನು ಅರ್ಧ ಮಾಡಬೇಕು: ಫೋನ್ ಕಷ್ಟವಾದರೆ ಒಂದು ಸಂದೇಶ. ಮೌಲ್ಯಗಳ ಹಾಳೆಯನ್ನೇ ತನ್ನನ್ನು ಹೊಡೆದುಕೊಳ್ಳುವ ಕೋಲು ಮಾಡಿಕೊಂಡವರೂ ಇದ್ದಾರೆ. ಎರಡನೇ ಅಂಕ ಹೋದ ವಾರದ ವರದಿ ಮಾತ್ರ, ವ್ಯಕ್ತಿಯ ಗುಣದ ಪ್ರಮಾಣಪತ್ರವಲ್ಲ.

ಈ ಹಾಳೆ ಸಲ್ಲದ ಸಂದರ್ಭಗಳೂ ಇವೆ. ಥೈರಾಯ್ಡ್ ಕೊರತೆ, ರಕ್ತಹೀನತೆ, ಬಿ12 ಕೊರತೆ ಮೂರೂ ಇದೇ ಥರದ ಜಡತ್ವ ತರುತ್ತವೆ, ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತವೆ. ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಯಾವುದರಲ್ಲೂ ಆಸಕ್ತಿಯಿಲ್ಲದೆ, ನಿದ್ದೆ ಹಸಿವು ಏರುಪೇರಾಗಿ, ತಾನು ಯಾರಿಗೂ ಬೇಡದವಳು ಎಂಬ ಯೋಚನೆ ಕಾಡುತ್ತಿದ್ದರೆ ಅದು ಖಿನ್ನತೆಯಿರಬಹುದು. ಅದಕ್ಕೆ ವೈದ್ಯರೇ ಬೇಕು. ಸಾಯುವ ಯೋಚನೆ ಬಂದರಂತೂ ಕಾಯಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಇನ್ನು ಸಂಬಳ ಸಾಲದೆ, ಮನೆಯಲ್ಲಿ ಹೊಡೆತ ತಿಂದು, ಹನ್ನೆರಡು ಗಂಟೆ ದುಡಿದು ಸೋತವರಿಗೆ ಮೌಲ್ಯ ಬರೆದುಕೊಳ್ಳಿ ಎನ್ನುವುದು ಕ್ರೌರ್ಯ. ಅವರಿಗೆ ಬೇಕಾದದ್ದು ಆ ಪರಿಸ್ಥಿತಿಯಿಂದ ಬಿಡುಗಡೆ.

ಬ್ಯಾಂಕಿನವರ ಕಥೆಯಲ್ಲಿ ಆರು ವಾರದ ಮೇಲೆ ಅದೇ ಹಾಳೆಯನ್ನು ಮತ್ತೆ ತುಂಬಿಸೋಣ. ಗೆಳೆತನದ ನಡೆ 2ರಿಂದ 6ಕ್ಕೆ ಬಂದಿದೆ. ಭಾನುವಾರ ಗೆಳತಿಯ ಮನೆಗೆ ಹೋಗಿ ಎರಡು ಗಂಟೆ ಅವಳ ತಾಯಿಯನ್ನು ನೋಡಿಕೊಂಡು, ಅವಳನ್ನು ಪೇಟೆಗೆ ಕಳಿಸಿದ್ದಾರೆ. ದೇಹದ ಆರೈಕೆ 3ರಲ್ಲೇ ಇದೆ. ಎದ್ದು ಕಾಣುವ ಬದಲಾವಣೆ ಮಕ್ಕಳ ಸಾಲಿನಲ್ಲಿ: ಮುಖ್ಯತೆ 10 ಹಾಗೇ ಇದೆ, ನಡೆಯನ್ನು ಮಾತ್ರ ಆಕೆ ತಾವೇ 9ರಿಂದ 5ಕ್ಕೆ ಇಳಿಸಿದ್ದಾರೆ. ದಿನಕ್ಕೆರಡು ಸಲದ ಫೋನಿನಲ್ಲಿ ತಾವು ಕೇಳುತ್ತಿದ್ದದ್ದು ‘ಊಟ ಆಯ್ತಾ, ಇಂಟರ್ನಲ್ಸ್ ಯಾವಾಗ’ ಎಂಬೆರಡೇ ಪ್ರಶ್ನೆ ಎಂದು ದಿನಚರಿ ಬರೆಯುವಾಗ ಗೊತ್ತಾಗಿದೆ. ಮುಂದಿನ ಹೆಜ್ಜೆಯಾಗಿ ದೇಹದ ಆರೈಕೆಯ ಬದಲು ಈ ಫೋನನ್ನೇ ಆರಿಸಿಕೊಂಡಿದ್ದಾರೆ: ಬುಧವಾರ ರಾತ್ರಿ ಒಂಬತ್ತಕ್ಕೆ, ಊಟದ ಬಗ್ಗೆಯೂ ಮಾರ್ಕ್ಸ್ ಬಗ್ಗೆಯೂ ಕೇಳದೆ, ಹದಿನೈದು ನಿಮಿಷ.