ಬೆಳ್ಳಗಿರುವುದೆಲ್ಲ ಹಾಲಲ್ಲ

ಅಮೆರಿಕದ ಅಟ್ಲಾಂಟಾ ನಗರದ ವೈದ್ಯರು ಎರಡು ಮಕ್ಕಳ ವೃತ್ತಾಂತವನ್ನು 2001ರಲ್ಲಿ ಮಕ್ಕಳ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಒಂದಕ್ಕೆ 22 ತಿಂಗಳು, ಇನ್ನೊಂದಕ್ಕೆ 17. ಎರಡೂ ಹಸುವಿನ ಹಾಲಿಗೆ ಬದಲಾಗಿ ‘ಆರೋಗ್ಯಕರ’ ಸಸ್ಯಪಾನೀಯಗಳನ್ನು ಕುಡಿದು ಬೆಳೆಯುತ್ತಿದ್ದ ಕೂಸುಗಳು. ಅಕ್ಕಿಯ ಪಾನೀಯ ಕುಡಿಯುತ್ತಿದ್ದ ಮೊದಲನೆಯದಕ್ಕೆ ಕ್ವಾಶಿಯೋರ್ಕರ್, ಅಂದರೆ ಪ್ರೋಟೀನಿನ ತೀವ್ರ ಕೊರತೆಯಿಂದ ಮೈ ಊದಿಕೊಳ್ಳುವ ರೋಗ, ಬಂದಿತ್ತು. ಸೋಯಾ ಪಾನೀಯ ಕುಡಿಯುತ್ತಿದ್ದ ಎರಡನೆಯದಕ್ಕೆ ಎಲುಬು ಮೆತ್ತಗಾಗುವ ರಿಕೆಟ್ಸ್. ಬಡತನದಲ್ಲಿ ಕಾಣಬೇಕಾದ ರೋಗಗಳು ಹೊಟ್ಟೆತುಂಬ ಕುಡಿದ ಮಕ್ಕಳಲ್ಲಿ ಕಾಣಿಸಿಕೊಂಡದ್ದೇಕೆ?

ಇದಕ್ಕೆ ಉತ್ತರ ಪೊಟ್ಟಣದ ಹಿಂಬದಿಯಲ್ಲಿರುತ್ತದೆ. 200 ಮಿಲಿಲೀಟರ್ ಹಿಡಿಯುವ ಒಂದು ಲೋಟ ಹಸುವಿನ ಹಾಲಿನಲ್ಲಿ ಸುಮಾರು 6.5 ಗ್ರಾಂ ಪ್ರೋಟೀನೂ 240 ಮಿಲಿಗ್ರಾಂ ಕ್ಯಾಲ್ಸಿಯಮ್ಮೂ ಇರುತ್ತವೆ. ಸಸ್ಯಪಾನೀಯಗಳಲ್ಲಿ ಸೋಯಾ ಪ್ರೋಟೀನಿನ ವಿಷಯದಲ್ಲಿ ಹಾಲಿನ ಸಮಕ್ಕೆ ನಿಲ್ಲುತ್ತದೆ. ಅದರ ಗುಣಮಟ್ಟವೂ ಒಳ್ಳೆಯದೇ. ಓಟ್ಸ್ ಪಾನೀಯದ ಲೋಟದಲ್ಲಿ ಸುಮಾರು 2 ಗ್ರಾಂ ಪ್ರೋಟೀನ್ ಮಾತ್ರ. ಅದರ ಸಿಹಿ ಹಲವು ವೇಳೆ ಬೆರೆಸಿದ ಸಕ್ಕರೆಯದಲ್ಲ. ತಯಾರಿಸುವಾಗ ಕಿಣ್ವವು ಪಿಷ್ಟವನ್ನು ಒಡೆಯುವುದರಿಂದ ಹುಟ್ಟಿದ್ದು.

ಬಾದಾಮಿಯ ಹೆಸರೇ ನಮ್ಮವರನ್ನು ಹೆಚ್ಚು ಮರುಳುಗೊಳಿಸುತ್ತದೆ. ಮನೆಯ ಬಾದಾಮಿ ಹಾಲೆಂದರೆ ಹಸುವಿನ ಹಾಲಿಗೆ ಬಾದಾಮಿ ಅರೆದು ಬೆರೆಸಿದ್ದು. ಅಂಗಡಿಯ ಬಾದಾಮಿ ಪಾನೀಯವೋ ಬಹುಪಾಲು ನೀರು. ಅನೇಕ ತಯಾರಿಕೆಗಳಲ್ಲಿ ಬಾದಾಮಿ ನೂರಕ್ಕೆ 2-3 ಭಾಗವಷ್ಟೇ. ಆದುದರಿಂದಲೇ ಲೋಟಕ್ಕೆ ಪ್ರೋಟೀನ್ ಸುಮಾರು 1 ಗ್ರಾಂ. ಬೀಜದ ಸತ್ವ ಬೀಜದಲ್ಲಿದೆ, ನೀರಿನಲ್ಲಿಲ್ಲ.

ಹಾಗಾದರೆ ಪ್ರೋಟೀನ್ ಸಾಕಷ್ಟಿದ್ದ ಸೋಯಾ ಕುಡಿದ ಮಗುವಿಗೆ ರಿಕೆಟ್ಸ್ ಬಂದದ್ದೇಕೆ? ಆ ಪಾನೀಯಕ್ಕೆ ಕ್ಯಾಲ್ಸಿಯಮ್ಮನ್ನಾಗಲಿ ಡಿ ಜೀವಸತ್ವವನ್ನಾಗಲಿ ಸೇರಿಸಿರಲಿಲ್ಲ. ಸೋಯಾ ಕಾಳನ್ನು ನೆನೆಸಿ, ಅರೆದು, ಸೋಸಿದ ಪಾನೀಯದಲ್ಲಿ ತಾನಾಗಿ ಇರುವ ಕ್ಯಾಲ್ಸಿಯಂ ಲೋಟಕ್ಕೆ 50 ಮಿಲಿಗ್ರಾಂ ಆಸುಪಾಸು. ಪೊಟ್ಟಣದ ಸಸ್ಯಪಾನೀಯಗಳಲ್ಲಿ ಕಾಣುವ 240ರ ಅಂಕಿ ಕಾರ್ಖಾನೆಯಲ್ಲಿ ಲವಣವನ್ನು ಬೆರೆಸಿದ್ದರಿಂದ ಬಂದದ್ದು. ಅದೂ ಸರಿಯಾಗಿ ಕರಗದೆ ತಳದಲ್ಲಿ ಕೂಡುವುದುಂಟು. ಪೊಟ್ಟಣವನ್ನು ಅಲ್ಲಾಡಿಸದೆ ಬಗ್ಗಿಸಿದರೆ ಮಗುವಿನ ಪಾಲಿಗೆ ತಿಳಿನೀರು, ಖಾಲಿ ಪೊಟ್ಟಣದ ತಳದಲ್ಲಿ ಸುಣ್ಣದ ಗಸಿ. ಕೊನೆಯಲ್ಲಿ ಬಿಳಿಯ ಗಸಿ ಕಂಡರೆ ಅಷ್ಟೂ ದಿನ ಕ್ಯಾಲ್ಸಿಯಂ ಲೋಟಕ್ಕೆ ಪೂರ್ತಿ ಇಳಿದಿಲ್ಲವೆಂದು ತಿಳಿಯಬೇಕು.

ಎರಡು ವರ್ಷದ ಮಗುವೊಂದು ದಿನಕ್ಕೆ ಎರಡು ಲೋಟ ಹಾಲು ಕುಡಿಯುತ್ತದೆಂದು ಎಣಿಸೋಣ. ಅದಕ್ಕೆ ದೊರೆಯುವುದು 13 ಗ್ರಾಂ ಪ್ರೋಟೀನ್, 480 ಮಿಲಿಗ್ರಾಂ ಕ್ಯಾಲ್ಸಿಯಂ. ಒಂದರಿಂದ ಮೂರು ವರ್ಷದ ಮಕ್ಕಳಿಗೆ ಭಾರತದಲ್ಲಿ ಸೂಚಿಸಿರುವ ಕ್ಯಾಲ್ಸಿಯಂ ದಿನಕ್ಕೆ 500 ಮಿಲಿಗ್ರಾಂ. ಹಾಲನ್ನು ಬಿಡಿಸಿ ಅಷ್ಟೇ ಬಾದಾಮಿ ಪಾನೀಯ ಕೊಟ್ಟರೆ ಪ್ರೋಟೀನ್ 2 ಗ್ರಾಂಗೆ ಇಳಿಯುತ್ತದೆ. ಕ್ಯಾಲ್ಸಿಯಂ ಬೆರೆಸದಿದ್ದರೆ ಅದೂ ಹೋಯಿತು. ಚಿಕ್ಕ ಹೊಟ್ಟೆ ಎರಡು ಲೋಟ ದ್ರವದಿಂದ ತುಂಬಿರುವಾಗ ಬೇಳೆ, ಅನ್ನಗಳಿಂದ ಈ ನಷ್ಟವನ್ನು ತುಂಬುವುದು ಸುಲಭವಲ್ಲ. 30 ಗ್ರಾಂ ರಾಗಿಯಿಂದ 100 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಬರುವುದು ನಿಜ. ಆದರೆ ರಾಗಿಯಲ್ಲಿರುವ ಫೈಟೇಟ್ ಅದನ್ನು ಪೂರ್ತಿ ಹೀರಿಕೊಳ್ಳಗೊಡದು. ಸಸ್ಯಾಹಾರಿ ಮನೆಗಳಲ್ಲಿ ಬಿ-12 ಜೀವಸತ್ವಕ್ಕೂ ಹಾಲು ಮೊಸರುಗಳೇ ಮುಖ್ಯ ಆಧಾರವೆಂಬುದನ್ನು ಮರೆಯಲಾಗದು.

ಹಾಲು ಒಗ್ಗದಿದ್ದಾಗ ಏನು ಮಾಡಬೇಕು? ಒಗ್ಗದಿರುವಿಕೆಯಲ್ಲಿ ಎರಡು ಬಗೆಯುಂಟು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದೆ ಹೊಟ್ಟೆಯುಬ್ಬರವಾಗುವವರಿಗೆ ಮೊಸರು ಅನೇಕ ವೇಳೆ ಒಗ್ಗುತ್ತದೆ. ಲ್ಯಾಕ್ಟೋಸ್ ತೆಗೆದ ಹಾಲೂ ದೊರೆಯುತ್ತದೆ. ಹಾಲಿನ ಪ್ರೋಟೀನಿಗೇ ಅಲರ್ಜಿ ಇರುವ ಮಗುವಿನ ಸ್ಥಿತಿ ಬೇರೆ: ಅದಕ್ಕೆ ಮೊಸರೂ ಸಲ್ಲದು, ಮೇಕೆಯ ಹಾಲಾಗಲಿ ಎಮ್ಮೆಯ ಹಾಲಾಗಲಿ ಸಾಮಾನ್ಯವಾಗಿ ಸುರಕ್ಷಿತವಲ್ಲ. ಕೆಲವು ಮಕ್ಕಳಿಗೆ ಸೋಯಾ ಸಹ ಆಗದು. ಇಲ್ಲಿ ವೈದ್ಯರ ನಿರ್ಣಯವೇ ದಾರಿ, ನೆರೆಮನೆಯವರ ಸಲಹೆಯಲ್ಲ.

ಒಂದು ವರ್ಷ ತುಂಬದ ಕೂಸಿಗೆ ಎದೆಹಾಲು, ಅದಿಲ್ಲವಾದರೆ ಶಿಶುಗಳಿಗೆಂದೇ ತಯಾರಿಸಿದ ಫಾರ್ಮುಲಾ. ಹಸುವಿನ ಹಾಲನ್ನೇ ಮುಖ್ಯ ಪಾನೀಯವಾಗಿ ಕೊಡಬಾರದೆಂದ ಮೇಲೆ ಸಸ್ಯಪಾನೀಯದ ಮಾತೆಲ್ಲಿ? ಒಂದರಿಂದ ಐದು ವರ್ಷದವರೆಗೆ ಹಾಲನ್ನು ಬಿಡಲೇಬೇಕಾದರೆ, ಕ್ಯಾಲ್ಸಿಯಂ ಮತ್ತು ಡಿ, ಬಿ-12 ಜೀವಸತ್ವಗಳನ್ನು ಬೆರೆಸಿದ, ಸಕ್ಕರೆಯಿಲ್ಲದ ಸೋಯಾ ಪಾನೀಯವೊಂದೇ ಹಾಲಿನ ಸ್ಥಾನಕ್ಕೆ ಸಮೀಪ ಬರುತ್ತದೆ. ಅಮೆರಿಕದ ಮಕ್ಕಳ ವೈದ್ಯರೂ ಆಹಾರತಜ್ಞರೂ 2019ರಲ್ಲಿ ಒಟ್ಟಾಗಿ ನೀಡಿದ ಅಭಿಪ್ರಾಯವೂ ಇದೇ. ಬಾದಾಮಿ, ಓಟ್ಸ್ ಪಾನೀಯಗಳನ್ನು ದೊಡ್ಡವರು ಕಾಫಿಗೆ ಬೆರೆಸಿಕೊಳ್ಳಲು ಅಡ್ಡಿಯಿಲ್ಲ. ಮಗುವಿನ ಹಾಲಿನ ಲೋಟವನ್ನು ಅವು ತುಂಬಲಾರವು.